'500 ಗ್ರಾಂ ಮಾತ್ರೆ' ತಿದ್ದಲು ಹೋದರೆ 'ಟೆಲಿಗ್ರಾಂ' ಯಾಕೆ ಕೆಡುತ್ತದೆ?

'ಜ್ವರ ಬಂದರೆ 500 ಗ್ರಾಂ ಮಾತ್ರೆ ತಗೊಳ್ಳಿ' ಎಂಬ ಫಾರ್ವರ್ಡ್ ನಿಮಗೆ ಬಂತು ಅಂದುಕೊಳ್ಳಿ. 500 ಗ್ರಾಂ ಅಂದರೆ ಅರ್ಧ ಕೆಜಿ. ಬರೆದವರ ಮನಸ್ಸಿನಲ್ಲಿ ಇದ್ದದ್ದು 500 ಮಿಲಿಗ್ರಾಂ ಎನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಸಂದೇಶ ಉದ್ದ ಇದೆ, ಇಂಥ ತಪ್ಪು ಹತ್ತಾರು ಕಡೆ ಇದೆ. ಒಂದೊಂದಾಗಿ ತಿದ್ದುವ ಬದಲು 'ಫೈಂಡ್ ಅಂಡ್ ರಿಪ್ಲೇಸ್' ಒತ್ತಿ 'ಗ್ರಾಂ' ಇರುವ ಕಡೆಯೆಲ್ಲ 'ಮಿ.ಗ್ರಾಂ' ಹಾಕಿಬಿಟ್ಟರೆ ಕೆಲಸ ಮುಗಿಯಿತಲ್ಲ ಎಂದು ಹಲವರು ನಂಬುತ್ತಾರೆ. ಈ ನಂಬಿಕೆ ನಿಜವೇ ಎಂದು ನೋಡೋಣ. ಪರೀಕ್ಷೆಗಾಗಿಯೇ ಬರೆದುಕೊಂಡ ಐದು ಸಾಲು ಇಲ್ಲಿವೆ:

```
ಈ ಮಾಹಿತಿ ಟೆಲಿಗ್ರಾಂನಲ್ಲಿ ಬಂದಿದೆ.
ಜ್ವರಕ್ಕೆ 500 ಗ್ರಾಂ ಮಾತ್ರೆ ಸಾಕು.
ಈಗ 650 ಮಿ.ಗ್ರಾಂ ಮಾತ್ರೆಯೂ ಸಿಗುತ್ತದೆ.
ವಯಸ್ಕರು ದಿನಕ್ಕೆ 4 ಗ್ರಾಂ ಮೀರಬಾರದು.
ಉಪ್ಪು ದಿನಕ್ಕೆ ಹೆಚ್ಚೆಂದರೆ 5 ಗ್ರಾಂ ಮಾತ್ರ.
```

ಎಲ್ಲಾ 'ಗ್ರಾಂ'ಗಳನ್ನೂ ಬದಲಾಯಿಸಿದಾಗ ಏನಾಗುತ್ತದೆ? ಮೊದಲ ಸಾಲಿನಲ್ಲಿ 'ಟೆಲಿಮಿ.ಗ್ರಾಂನಲ್ಲಿ' ಎಂಬ ಹೊಸ ಆ್ಯಪ್ ಹುಟ್ಟುತ್ತದೆ. ಎರಡನೆಯದು ಸರಿಯಾಗುತ್ತದೆ. ಮೂರನೆಯದು ಮೊದಲೇ ಸರಿ ಇತ್ತು, ಈಗ '650 ಮಿ.ಮಿ.ಗ್ರಾಂ' ಆಯಿತು. ಈ ಎರಡು ತಪ್ಪು ಕಣ್ಣಿಗೆ ಬೀಳುತ್ತವೆ, ನಕ್ಕು ಸರಿಪಡಿಸಬಹುದು. ಅಪಾಯ ಇರುವುದು ಕೊನೆಯ ಎರಡರಲ್ಲಿ. ಪ್ಯಾರಸಿಟಮಾಲ್ ಬಗ್ಗೆ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ದಿನಕ್ಕೆ 4 ಗ್ರಾಂ, ಅಂದರೆ 4000 ಮಿಲಿಗ್ರಾಂ. ಅದು '4 ಮಿ.ಗ್ರಾಂ' ಆಯಿತು. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು '5 ಮಿ.ಗ್ರಾಂ' ಆಯಿತು. ಎರಡೂ ಸಾವಿರ ಪಟ್ಟು ತಪ್ಪು, ಆದರೆ ವಾಕ್ಯ ಮಾತ್ರ ಚೆನ್ನಾಗಿಯೇ ಓದಿಸಿಕೊಂಡು ಹೋಗುತ್ತದೆ. ಒಂದು ತಪ್ಪು ತಿದ್ದಲು ಹೋಗಿ ನಾಲ್ಕು ಹೊಸ ತಪ್ಪು ಮಾಡಿದಂತಾಯಿತು.

ಇದು ಊಹೆಯ ಸಮಸ್ಯೆ ಅಲ್ಲ, ದೊಡ್ಡ ಕಂಪನಿಗಳೂ ಹೀಗೆ ಎಡವಿವೆ. ಇಮೇಲ್ ಮೂಲಕ ಬರುವ ದುರುದ್ದೇಶದ ಕೋಡ್ ತಡೆಯಲು ಯಾಹೂ ಮೇಲ್ 2001ರಲ್ಲಿ ಒಂದು ಸೋಸುವ ವ್ಯವಸ್ಥೆ ತಂದಿತು. ಅದು eval ಎಂದು ಕಂಡಲ್ಲಿ review ಎಂದು ಬದಲಾಯಿಸುತ್ತಿತ್ತು. ಆದರೆ medieval ಎಂಬ ಪದದ ಒಳಗೂ eval ಇದೆ. ಮಧ್ಯಯುಗದ ಇತಿಹಾಸದ ಬಗ್ಗೆ ಬರೆದವರ ಮೇಲ್‌ಗಳಲ್ಲಿ medireview ಎಂಬ ಪದ ಕಾಣಿಸಿಕೊಂಡಿತು, ಅಲ್ಲಿಂದ ಕಾಪಿ ಆಗಿ ವೆಬ್ ಪುಟಗಳಿಗೂ ಹೋಯಿತು. 2008ರಲ್ಲಿ ಅಮೆರಿಕದ ಒನ್‌ನ್ಯೂಸ್‌ನೌ ಎಂಬ ಸುದ್ದಿತಾಣ gay ಪದವನ್ನು ತಾನಾಗಿಯೇ homosexual ಎಂದು ಬದಲಾಯಿಸುವಂತೆ ಹೊಂದಿಸಿಕೊಂಡಿತ್ತು. ಓಟಗಾರ ಟೈಸನ್ ಗೇ ಗೆದ್ದ ಸುದ್ದಿ ಬಂದಾಗ ಅವರ ಹೆಸರೇ ಟೈಸನ್ ಹೋಮೋಸೆಕ್ಷುಯಲ್ ಎಂದು ಪ್ರಕಟವಾಯಿತು.

ಈ ಎರಡು ಘಟನೆ ಒಂದೇ ಥರ ಕಂಡರೂ ಒಂದೇ ಅಲ್ಲ. ಯಾಹೂ ಸಮಸ್ಯೆ, ಪದದ ಒಳಗಿನ ತುಣುಕನ್ನು ಪೂರ್ತಿ ಪದ ಎಂದುಕೊಂಡದ್ದು. ನಮ್ಮ ಟೆಲಿಗ್ರಾಂ ಸಮಸ್ಯೆ ಇದೇ ಜಾತಿಯದು. ಟೈಸನ್ ಗೇ ವಿಷಯದಲ್ಲಿ ಸಿಕ್ಕಿದ್ದು ಪೂರ್ತಿ ಪದವೇ, ಆದರೆ ಅದರ ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ. ನಮ್ಮ '4 ಗ್ರಾಂ' ಈ ಜಾತಿಯದು.

ಅಕ್ಕಪಕ್ಕ ನೋಡು, ಆದರೆ ಮುಟ್ಟಬೇಡ

ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಜೆಕ್ಸ್, ಎಂದರೆ ಪಠ್ಯದಲ್ಲಿ ಏನು ಹುಡುಕಬೇಕು ಎಂದು ಕಂಪ್ಯೂಟರ್‌ಗೆ ಹೇಳುವ ಒಂದು ಸಣ್ಣ ಭಾಷೆ. `[0-9]` ಎಂದರೆ 'ಯಾವುದಾದರೂ ಒಂದು ಅಂಕಿ' ಎಂದರ್ಥ. ಇದರಲ್ಲಿ ನಮಗೆ ಬೇಕಾದ ಎರಡು ಸೌಲಭ್ಯಗಳಿವೆ. ಮುಂದೆ ಏನಿದೆ ಎಂದು ನೋಡುವುದು ಲುಕ್‌ಅಹೆಡ್, ಬರೆಯುವುದು `(?=...)` ಎಂದು. ಹಿಂದೆ ಏನಿದೆ ಎಂದು ನೋಡುವುದು ಲುಕ್‌ಬಿಹೈಂಡ್, ಬರೆಯುವುದು `(?<=...)` ಎಂದು. ಸಮ ಚಿಹ್ನೆಯ ಜಾಗದಲ್ಲಿ ಆಶ್ಚರ್ಯ ಚಿಹ್ನೆ ಹಾಕಿದರೆ ಅರ್ಥ ತಿರುಗುತ್ತದೆ: `(?!...)` ಎಂದರೆ ಮುಂದೆ ಇದು ಇರಬಾರದು, `(?<!...)` ಎಂದರೆ ಹಿಂದೆ ಇದು ಇರಬಾರದು.

ಮುಖ್ಯ ವಿಷಯ ಏನೆಂದರೆ, ಇವು ನೋಡುತ್ತವೆ ಅಷ್ಟೇ. ನೋಡಿದ ಭಾಗ ಬದಲಾವಣೆಗೆ ಸಿಗುವುದಿಲ್ಲ. '500 ಗ್ರಾಂ ಮಾತ್ರೆ' ಎಂದು ಪೂರ್ತಿ ಹುಡುಕಿ 'ಮಿ.ಗ್ರಾಂ' ಎಂದು ಬದಲಾಯಿಸಿದರೆ 500 ಕೂಡ ಹೋಗುತ್ತದೆ, ಮಾತ್ರೆಯೂ ಹೋಗುತ್ತದೆ. ಲುಕ್‌ಅಹೆಡ್‌ನಲ್ಲಿ ಹಾಗಾಗುವುದಿಲ್ಲ.

ಈಗ ನಮ್ಮ ಐದು ಸಾಲಿಗೆ ಬರೋಣ. 'ಗ್ರಾಂ' ನಂತರ ಒಂದು ಜಾಗ, ಆಮೇಲೆ 'ಮಾತ್ರೆ' ಇದ್ದರೆ ಮಾತ್ರ ಹಿಡಿ ಎಂದು ಹೇಳುವುದು ಹೀಗೆ:

```
ಗ್ರಾಂ(?= ಮಾತ್ರೆ)
```

ಟೆಲಿಗ್ರಾಂ, 4 ಗ್ರಾಂ, 5 ಗ್ರಾಂ ಮೂರೂ ಬಚಾವಾದವು. ಉಳಿದದ್ದು ಎರಡನೇ ಮತ್ತು ಮೂರನೇ ಸಾಲು. ಮೂರನೆಯದರಲ್ಲಿ 'ಮಿ.ಗ್ರಾಂ ಮಾತ್ರೆ' ಇರುವುದರಿಂದ ಅದೂ ಸಿಕ್ಕಿಬಿಡುತ್ತದೆ. ಹಾಗಾಗಿ ಹಿಂದೆಯೂ ನೋಡಬೇಕು, ಅಲ್ಲಿ ಅಂಕಿ ಮತ್ತು ಒಂದು ಜಾಗ ಇರಲೇಬೇಕು:

```
(?<=[0-9] )ಗ್ರಾಂ(?= ಮಾತ್ರೆ)
```

ಮೂರನೇ ಸಾಲಿನಲ್ಲಿ 'ಗ್ರಾಂ' ಹಿಂದೆ ಇರುವುದು ಚುಕ್ಕೆ, ಅಂಕಿ ಅಲ್ಲ. ಆದ್ದರಿಂದ ಅದೂ ಹೊರಗೆ. ಸಿಕ್ಕಿದ್ದು ಎರಡನೇ ಸಾಲು ಮಾತ್ರ, ಬದಲಾಗುವುದು 'ಗ್ರಾಂ' ಮಾತ್ರ, 500 ಮತ್ತು ಮಾತ್ರೆ ಇದ್ದಲ್ಲೇ ಇರುತ್ತವೆ.

ಇಲ್ಲಿ 'ಮಾತ್ರೆ' ಬರೆಯುವಾಗ ಎತ್ವ ಬಿಟ್ಟು `(?= ಮಾತ್ರ)` ಎಂದು ಬರೆದರೆ ಏನಾಗುತ್ತದೆ? ನಮ್ಮ ಕಣ್ಣಿಗೆ 'ತ್ರೆ' ಒಂದೇ ಅಕ್ಷರ. ಕಂಪ್ಯೂಟರ್‌ಗೆ 'ಮಾತ್ರೆ' ಎಂದರೆ 'ಮಾತ್ರ' ಬರೆದು ಕೊನೆಗೆ 'ೆ' ಎಂಬ ಇನ್ನೊಂದು ಚಿಹ್ನೆ ಅಂಟಿಸಿದ್ದು. ಹಾಗಾಗಿ ಈ ಸೂತ್ರ 'ಗ್ರಾಂ ಮಾತ್ರೆ'ಯನ್ನೂ ಹಿಡಿಯುತ್ತದೆ, 'ಉಪ್ಪು 5 ಗ್ರಾಂ ಮಾತ್ರ'ವನ್ನೂ ಹಿಡಿಯುತ್ತದೆ. ಒಂದು ಎತ್ವ ಬಿಟ್ಟುಹೋದದ್ದಕ್ಕೆ ಉಪ್ಪಿನ ಲೆಕ್ಕ ಕೆಟ್ಟಿತು.

ಕನ್ನಡದಲ್ಲಿ ತಿರುಗುಬಾಣವಾಗುವ \b

ರೆಜೆಕ್ಸ್ ಸ್ವಲ್ಪ ಗೊತ್ತಿರುವವರು ಇಲ್ಲಿ ಕೇಳುತ್ತಾರೆ: ಇಷ್ಟೆಲ್ಲ ಯಾಕೆ, ಪದದ ಗಡಿ ಗುರುತಿಸಲು `\b` ಇದೆಯಲ್ಲ? ಇಂಗ್ಲಿಷ್‌ನಲ್ಲಿ ಅದು ಸಾಕು. `\beval\b` ಎಂದು ಬರೆದಿದ್ದರೆ medieval ಉಳಿಯುತ್ತಿತ್ತು. ಕನ್ನಡಕ್ಕೆ ಇದೇ ಸಲಹೆಯನ್ನು ಹಾಗೇ ತಂದರೆ ಫಲಿತಾಂಶ ಉಲ್ಟಾ ಆಗುತ್ತದೆ, ಮತ್ತು ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ.

ಪೈಥಾನ್ ಭಾಷೆಯಲ್ಲಿ `\bಗ್ರಾಂ\b` ಎಂದು ನಮ್ಮ ಐದು ಸಾಲಿನಲ್ಲಿ ಹುಡುಕಿದರೆ '500 ಗ್ರಾಂ ಮಾತ್ರೆ' ಸಿಗುವುದಿಲ್ಲ. ಸಿಗುವುದು ಯಾವುದು ಗೊತ್ತೇ? 'ಟೆಲಿಗ್ರಾಂನಲ್ಲಿ'! ಯಾವುದನ್ನು ಬಿಡಬೇಕಿತ್ತೋ ಅದನ್ನೇ ಹಿಡಿಯಿತು, ಹಿಡಿಯಬೇಕಾದದ್ದನ್ನು ಬಿಟ್ಟಿತು.

ಕಾರಣ ಸರಳ. `\b` ಎಂದರೆ ಒಂದು ಕಡೆ 'ಪದದ ಅಕ್ಷರ', ಇನ್ನೊಂದು ಕಡೆ 'ಪದದ ಅಕ್ಷರ ಅಲ್ಲದ್ದು' ಇರುವ ಜಾಗ. ಪೈಥಾನ್‌ನ re ಲೈಬ್ರರಿ ಕ, ಗ, ನ ಮುಂತಾದವನ್ನು ಪದದ ಅಕ್ಷರ ಎಂದು ಒಪ್ಪುತ್ತದೆ. ಆದರೆ ಕಾಗುಣಿತದ ಗುರುತುಗಳು, ಒತ್ತಕ್ಷರ ಕೂಡಿಸುವ '್', ಅನುಸ್ವಾರದ 'ಂ' ಇವುಗಳನ್ನು ಒಪ್ಪುವುದಿಲ್ಲ. 'ಗ್ರಾಂ' ಮುಗಿಯುವುದು ಅನುಸ್ವಾರದಲ್ಲಿ. ಅದರ ನಂತರ ಖಾಲಿ ಜಾಗ ಬಂದರೆ ಎರಡೂ 'ಪದದ ಅಕ್ಷರ ಅಲ್ಲದ್ದು', ಹಾಗಾಗಿ ಅಲ್ಲಿ ಗಡಿಯೇ ಇಲ್ಲ ಎನ್ನುತ್ತದೆ. ಅದೇ 'ಟೆಲಿಗ್ರಾಂನಲ್ಲಿ' ನೋಡಿ. 'ಲಿ'ಯ ಗುಡಿಸು ಪದದ ಅಕ್ಷರ ಅಲ್ಲ, ಮುಂದಿನ 'ಗ' ಪದದ ಅಕ್ಷರ, ಗಡಿ ಸಿಕ್ಕಿತು. ಅನುಸ್ವಾರ ಅಲ್ಲ, ಮುಂದಿನ 'ನ' ಹೌದು, ಇನ್ನೊಂದು ಗಡಿಯೂ ಸಿಕ್ಕಿತು.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನ ಕಥೆ ಬೇರೆ. ಅದರ `\b` ಲೆಕ್ಕದಲ್ಲಿ ಪದದ ಅಕ್ಷರ ಎಂದರೆ ಇಂಗ್ಲಿಷ್ ಅಕ್ಷರ, 0ಯಿಂದ 9ರ ಅಂಕಿ ಮತ್ತು ಅಡಿಗೆರೆ ಮಾತ್ರ. ಕನ್ನಡ ಪೂರ್ತಿ ಲೆಕ್ಕಕ್ಕೇ ಇಲ್ಲ, ಆದ್ದರಿಂದ ನಮ್ಮ ಐದು ಸಾಲಿನಲ್ಲಿ ಒಂದೂ ಸಿಗುವುದಿಲ್ಲ. ಎರ್ರರ್ ಕೂಡ ಬರುವುದಿಲ್ಲ, 'ಇಂಥದ್ದು ಇಲ್ಲವೇ ಇಲ್ಲ' ಎಂದು ಸುಮ್ಮನಾಗುತ್ತದೆ. ನೀವು ಪಠ್ಯ ಸರಿ ಇದೆ ಎಂದುಕೊಂಡು ಮುಂದೆ ಹೋಗುತ್ತೀರಿ.

ಇದಕ್ಕೆ ಪರಿಹಾರವೂ ಲುಕ್‌ಬಿಹೈಂಡ್, ಲುಕ್‌ಅಹೆಡ್‌ಗಳೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0C80ಯಿಂದ 0CFFವರೆಗೆ ಜಾಗ ಕೊಟ್ಟಿದ್ದಾರೆ, ಅಕ್ಷರ, ಕಾಗುಣಿತದ ಗುರುತು, ಅಂಕಿ ಎಲ್ಲ ಅದರೊಳಗೇ ಇವೆ. 'ಹಿಂದೆ ಕನ್ನಡದ ಯಾವ ಗುರುತೂ ಇರಬಾರದು, ಮುಂದೆಯೂ ಇರಬಾರದು' ಎಂದು ನಾವೇ ಗಡಿ ಕಟ್ಟಬಹುದು:

```
(?<![\u0C80-\u0CFF])ಗ್ರಾಂ(?![\u0C80-\u0CFF])
```

ಇದು ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ನಡೆಯುತ್ತದೆ. ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಪ್ರೋಗ್ರಾಂ ಎಲ್ಲ ಹೊರಗೆ ಉಳಿಯುತ್ತವೆ. ಆದರೆ ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ ಎನ್ನುವುದನ್ನು ಮರೆಯಬೇಡಿ. 'ಗ್ರಾಂಗಿಂತ', 'ಗ್ರಾಂನಷ್ಟು', 'ಗ್ರಾಂನ' ಇವೂ ನಿಮಗೆ ಬೇಕಿದ್ದರೆ ಮುಂದಿನ ಬೇಲಿ ತೆಗೆದು ಹಿಂದಿನ ಬೇಲಿ ಮಾತ್ರ ಉಳಿಸಿಕೊಳ್ಳಬೇಕು. ಎರಡೂ ಕಡೆ ಬೇಲಿ ಹಾಕುವುದು ಇಂಗ್ಲಿಷ್‌ನ ಅಭ್ಯಾಸ. ಕನ್ನಡಕ್ಕೆ ಸಾಮಾನ್ಯವಾಗಿ ಒಂದೇ ಕಡೆ ಸಾಕು ಎಂಬುದು ನನ್ನ ಅನಿಸಿಕೆ.

ಸೂತ್ರಕ್ಕೆ ಅರ್ಥ ಗೊತ್ತಿಲ್ಲ

ಮತ್ತೆ ಮಾತ್ರೆಗೆ ಬರೋಣ. 'ಹಿಂದೆ ಅಂಕಿ, ಮುಂದೆ ಮಾತ್ರೆ' ಎಂಬ ನಮ್ಮ ಸೂತ್ರ ಐದು ಸಾಲಿಗೆ ಸರಿಯಾಯಿತು. ದೊಡ್ಡ ಪಠ್ಯಕ್ಕೆ ಸಾಕೇ? ಸಾಲದು. ಕೆಲವು ಔಷಧಗಳಲ್ಲಿ ನಿಜವಾಗಿಯೂ 1 ಗ್ರಾಂ ಮಾತ್ರೆ ಇದೆ. ನಮ್ಮ ಸೂತ್ರ ಅದನ್ನು '1 ಮಿ.ಗ್ರಾಂ ಮಾತ್ರೆ' ಮಾಡುತ್ತದೆ. ಇನ್ನೂ ಕೆಟ್ಟದ್ದು '0.25 ಗ್ರಾಂ ಮಾತ್ರೆ'. ಇದು 250 ಮಿಲಿಗ್ರಾಂ, ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಸೂತ್ರಕ್ಕೆ ಕಾಣುವುದು ಕೊನೆಯ 5 ಮತ್ತು ಜಾಗ ಮಾತ್ರ. '0.25 ಮಿ.ಗ್ರಾಂ ಮಾತ್ರೆ' ಎಂದು ತಿದ್ದಿಬಿಡುತ್ತದೆ. 0.25 ಮಿಲಿಗ್ರಾಂ ಮಾತ್ರೆಗಳೂ ಮಾರುಕಟ್ಟೆಯಲ್ಲಿ ಇರುವುದರಿಂದ ಓದುವವರಿಗೆ ಅನುಮಾನವೇ ಬರುವುದಿಲ್ಲ.

ಹಾಗಾಗಿ ಹಿಂದೆ ನೋಡುವುದನ್ನು ಇನ್ನಷ್ಟು ಬಿಗಿ ಮಾಡಬೇಕು. 'ಗ್ರಾಂ' ಹಿಂದೆ ಸರಿಯಾಗಿ ಮೂರು ಅಂಕಿ ಇರಲಿ, ಮೊದಲನೆಯದು ಸೊನ್ನೆ ಆಗಿರಬಾರದು, ಆ ಮೂರು ಅಂಕಿಯ ಹಿಂದೆ ಚುಕ್ಕೆಯೋ ಅಲ್ಪವಿರಾಮವೋ ಅಲ್ಲ, ಖಾಲಿ ಜಾಗವೇ ಇರಲಿ:

```
import re
p = r"(?<= [1-9][0-9][0-9] )ಗ್ರಾಂ(?= ಮಾತ್ರೆ)"
re.sub(p, "ಮಿ.ಗ್ರಾಂ", text)
```

ಈಗ '1 ಗ್ರಾಂ', '0.25 ಗ್ರಾಂ', '0.125 ಗ್ರಾಂ' ಮೂರೂ ಸುರಕ್ಷಿತ. ಬದಲಿಗೆ '5 ಗ್ರಾಂ ಮಾತ್ರೆ' ಎಂದು ಯಾರೋ ತಪ್ಪಾಗಿ ಬರೆದ 5 ಮಿಲಿಗ್ರಾಂ ಮಾತ್ರೆ ತಿದ್ದದೇ ಉಳಿಯುತ್ತದೆ. ಸಾಲಿನ ಮೊದಲಲ್ಲೇ 500 ಬಂದರೂ ತಪ್ಪಿಹೋಗುತ್ತದೆ, ಅದರ ಹಿಂದೆ ಜಾಗ ಇಲ್ಲವಲ್ಲ. ಔಷಧದ ಪ್ರಮಾಣದಂಥ ವಿಷಯದಲ್ಲಿ ನಾನು ಇದನ್ನೇ ಆರಿಸುತ್ತೇನೆ: ಬಿಟ್ಟುಹೋದದ್ದನ್ನು ಆಮೇಲೆ ಕೈಯಿಂದ ತಿದ್ದಬಹುದು, ಸರಿ ಇದ್ದದ್ದನ್ನು ಸೂತ್ರ ಕೆಡಿಸಿದರೆ ಅದನ್ನು ಹುಡುಕುವುದೇ ಕಷ್ಟ.

ನಕಾರದ ಲುಕ್‌ಅಹೆಡ್‌ನಲ್ಲಿ ಇನ್ನೊಂದು ಮೋಸ ಇದೆ. 'ಮುಂದೆ ಗ್ರಾಂ ಇಲ್ಲದ ಸಂಖ್ಯೆಗಳನ್ನು ಹುಡುಕು' ಎಂದು `[0-9]+(?! ಗ್ರಾಂ)` ಬರೆದರೆ '500 ಗ್ರಾಂ'ನಲ್ಲಿ ಏನೂ ಸಿಗಬಾರದು ಅನಿಸುತ್ತದೆ. ಆದರೆ '50' ಸಿಗುತ್ತದೆ. 500 ಎಂದು ಹಿಡಿದು ನೋಡಿದಾಗ ಮುಂದೆ ಗ್ರಾಂ ಇದೆ, ಆಗದು. ಆಗ ಅದು ಒಂದು ಅಂಕಿ ಹಿಂದೆ ಸರಿದು 50 ಎಂದು ಹಿಡಿಯುತ್ತದೆ. 50ರ ಮುಂದೆ ಇರುವುದು ಇನ್ನೊಂದು 0, ಗ್ರಾಂ ಅಲ್ಲ, ಷರತ್ತು ಪೂರೈಸಿತು. ಮುಂದೆ ಅಂಕಿಯೂ ಇರಬಾರದು ಎಂದು ಸೇರಿಸಿ `[0-9]+(?![0-9]| ಗ್ರಾಂ)` ಎಂದರೆ ಈ ಕಿಂಡಿ ಮುಚ್ಚುತ್ತದೆ.

ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಯಾರೋ ಕಳಿಸಿದ ಸೂತ್ರ ನಿಮ್ಮಲ್ಲಿ ಕೆಲಸ ಮಾಡಲಿಲ್ಲ ಎಂದರೆ ತಪ್ಪು ನಿಮ್ಮದೇ ಆಗಿರಬೇಕಿಲ್ಲ. ಗೂಗಲ್ ಶೀಟ್ಸ್‌ನ `REGEXREPLACE` ಬಳಸುವುದು RE2 ಎಂಬ ವ್ಯವಸ್ಥೆಯನ್ನು. ಅದರಲ್ಲಿ ಲುಕ್‌ಅಹೆಡ್ ಇಲ್ಲ, ಲುಕ್‌ಬಿಹೈಂಡ್ ಕೂಡ ಇಲ್ಲ, ಹಾಕಿದರೆ ಎರ್ರರ್ ಬರುತ್ತದೆ. ಅಲ್ಲಿ ಅಕ್ಕಪಕ್ಕದ ಭಾಗವನ್ನೂ ಆವರಣದಲ್ಲಿ ಹಿಡಿದು, ಬದಲಿಸುವಾಗ ಹಾಗೇ ವಾಪಸ್ ಇಡಬೇಕು:

```
=REGEXREPLACE(A1, "( [1-9][0-9][0-9] )ಗ್ರಾಂ( ಮಾತ್ರೆ)", "$1ಮಿ.ಗ್ರಾಂ$2")
```

ಮೈಕ್ರೋಸಾಫ್ಟ್ ವರ್ಡ್‌ನ ವೈಲ್ಡ್‌ಕಾರ್ಡ್ ಹುಡುಕಾಟದಲ್ಲೂ ಇವು ಇಲ್ಲ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಇವೆ, ಹುಡುಕುವ ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ ಟಿಕ್ ಹಾಕಬೇಕು ಅಷ್ಟೇ. ಜಾವಾಸ್ಕ್ರಿಪ್ಟ್‌ನಲ್ಲಿ ಲುಕ್‌ಅಹೆಡ್ ಹಳೆಯದು, ಲುಕ್‌ಬಿಹೈಂಡ್ ಸೇರಿದ್ದು 2018ರ ಆವೃತ್ತಿಯಲ್ಲಿ. ಐಫೋನ್‌ನ ಸಫಾರಿಗೆ ಅದು ಬಂದದ್ದು 16.4ನೇ ಆವೃತ್ತಿಯಲ್ಲಿ, 2023ರಲ್ಲಿ. ಅಪ್‌ಡೇಟ್ ಆಗದ ಹಳೆಯ ಐಫೋನ್‌ನಲ್ಲಿ ಲುಕ್‌ಬಿಹೈಂಡ್ ನಡೆಯದಿರಲು ಕಾರಣ ಇದೇ.

ಪೈಥಾನ್‌ನಲ್ಲಿ ಇನ್ನೊಂದು ನಿರ್ಬಂಧ. ಹಿಂದೆ ನೋಡುವ ಭಾಗದ ಉದ್ದ ನಿಗದಿಯಾಗಿರಬೇಕು. 'ಅಂಕಿ, ಆಮೇಲೆ ಎಷ್ಟಾದರೂ ಜಾಗ' ಎಂದು `(?<=[0-9] *)` ಬರೆದರೆ `look-behind requires fixed-width pattern` ಎಂದು ನಿಲ್ಲಿಸಿಬಿಡುತ್ತದೆ. ಜಾವಾಸ್ಕ್ರಿಪ್ಟ್ ಈ ತಕರಾರು ಮಾಡುವುದಿಲ್ಲ. ಪೈಥಾನ್ ಬಳಸುವವರಿಗೆ ಸುಲಭದ ದಾರಿ, ಮೊದಲು ಎರಡು ಮೂರು ಜಾಗ ಇರುವಲ್ಲೆಲ್ಲ ಒಂದೇ ಜಾಗ ಮಾಡಿಕೊಂಡು, '500ಗ್ರಾಂ' ಎಂದು ಅಂಟಿಕೊಂಡವುಗಳನ್ನು ಬಿಡಿಸಿಕೊಂಡು, ಆಮೇಲೆ ಈ ಸೂತ್ರ ಓಡಿಸುವುದು. ಫಾರ್ವರ್ಡ್‌ಗಳಲ್ಲಿ ಕನ್ನಡ ಅಂಕಿಗಳೂ ಬರಬಹುದು. `[0-9]`ಗೆ '೫೦೦' ಕಾಣುವುದಿಲ್ಲ. `[0-9೦-೯]` ಎಂದು ಬರೆದರೆ ಎರಡೂ ಸಿಗುತ್ತವೆ.

ಬದಲಾಯಿಸುವ ಗುಂಡಿ ಒತ್ತುವ ಮೊದಲು ಬರೀ ಹುಡುಕಿ, ಸಿಕ್ಕ ಪ್ರತಿ ಜಾಗವನ್ನೂ ಹಿಂದುಮುಂದಿನ ಪದಗಳ ಸಮೇತ ಪಟ್ಟಿ ಮಾಡಿ ಓದಿ. regex101 ಎಂಬ ಉಚಿತ ತಾಣದಲ್ಲಿ ಇದನ್ನು ಫೋನ್‌ನಲ್ಲೇ ಮಾಡಬಹುದು, ಎಡಗಡೆ ಪಟ್ಟಿಯಲ್ಲಿ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಆರಿಸುವುದು ಮರೆಯಬೇಡಿ. ನಂತರ ಬರೀ 'ಗ್ರಾಂ' ಹುಡುಕಿ, ಒಟ್ಟು ಎಷ್ಟಿವೆ, ಅವುಗಳಲ್ಲಿ ಎಷ್ಟು ಸೂತ್ರಕ್ಕೆ ಸಿಕ್ಕವು, ಎಷ್ಟು ಉಳಿದವು ಎಂದು ನೋಡಿ. ಉಳಿದವುಗಳಲ್ಲೇ '5 ಗ್ರಾಂ ಮಾತ್ರೆ'ಯಂಥವು ಇರುತ್ತವೆ. ಬದಲಾಯಿಸಿದ ಮೇಲೆ `ಮಿ\.ಮಿ\.` ಮತ್ತು `[0-9]\.[0-9]+ ಮಿ\.ಗ್ರಾಂ` ಎಂದು ಎರಡು ಸಲ ಹುಡುಕಿ. ಮೊದಲನೆಯದು ಏನಾದರೂ ಸಿಕ್ಕರೆ ಸೂತ್ರ ಸಡಿಲವಾಗಿದೆ ಎಂದರ್ಥ. ಎರಡನೆಯದರಲ್ಲಿ ಸಿಕ್ಕ ಪ್ರತಿಯೊಂದು ದಶಮಾಂಶವನ್ನೂ ಮೂಲ ಸಂದೇಶದ ಜೊತೆ ಇಟ್ಟು ನೋಡಬೇಕು.